ಸಾಲ ತಂದರೆ ತೆರಿಗೆ ತಪ್ಪುತ್ತದೆಯೇ?

"ಸರ್ಕಾರ ಸಾಲ ಮಾಡಿ ಖರ್ಚು ಮಾಡಿದರೆ ಜನರ ಮೇಲೆ ತೆರಿಗೆಯ ಹೊರೆ ಬೀಳುವುದಿಲ್ಲ. ಹಳೆ ಸಾಲ ತೀರಿಸಲು ಹೊಸ ಸಾಲ ತಂದರಾಯ್ತು. ನನ್ನ ಲೇಖನದ ವಾದ ಇಷ್ಟೇ. ಪ್ರಕಟಿಸಬಹುದೇ?"

ಈಗಿರುವ ರೂಪದಲ್ಲಿ ಆಗುವುದಿಲ್ಲ. ಹಳೆ ಸಾಲಕ್ಕೆ ಹೊಸ ಸಾಲ ತರುತ್ತಾರೆ ಅನ್ನುವುದು ನಿಜ. ಆದರೆ ಬಡ್ಡಿಯನ್ನು ನೀವು ಮರೆತಿದ್ದೀರಿ. ನಿಮ್ಮ ಏಳು ಪುಟಗಳಲ್ಲಿ ಆ ಪದ ಒಮ್ಮೆಯೂ ಇಲ್ಲ.

ಒಂದು ಲೆಕ್ಕ ಮಾಡಿ. ಸರ್ಕಾರ ಈ ವರ್ಷ 100 ರೂಪಾಯಿ ತೆರಿಗೆ ಬಿಟ್ಟು, ಅಷ್ಟನ್ನೇ ಶೇಕಡಾ 7ರ ಬಡ್ಡಿಗೆ ಸಾಲ ತಂದಿತು ಅನ್ನಿ. ಅಸಲನ್ನು ಮುಂದೂಡುತ್ತಾ ಹೋದರೂ ವರ್ಷ ವರ್ಷ 7 ರೂಪಾಯಿ ಕಟ್ಟಲೇಬೇಕು. ಅದನ್ನೂ ಸಾಲದಿಂದಲೇ ಕಟ್ಟಿದರೆ 10 ವರ್ಷಕ್ಕೆ ಸಾಲ ಸುಮಾರು 197 ರೂಪಾಯಿ ಆಗುತ್ತದೆ. ಇಂದು ಬಿಟ್ಟ ತೆರಿಗೆ ಎಲ್ಲೂ ಹೋಗಿಲ್ಲ, ಬೆಳೆಯುತ್ತಾ ಕಾಯುತ್ತಿದೆ.

ಇದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ, ತೈಲ ಬಾಂಡ್‌ಗಳದ್ದು. 2005ರಿಂದ 2010ರ ನಡುವೆ ಕಚ್ಚಾ ತೈಲದ ಬೆಲೆ ಏರಿದಾಗ ಕೇಂದ್ರ ಸರ್ಕಾರ ಪೆಟ್ರೋಲ್, ಡೀಸೆಲ್ ಬೆಲೆಯನ್ನು ಪೂರ್ತಿ ಏರಲು ಬಿಡಲಿಲ್ಲ. ಸರ್ಕಾರಿ ತೈಲ ಕಂಪನಿಗಳ ನಷ್ಟದ ಒಂದು ಭಾಗಕ್ಕೆ ನಗದು ಕೊಡುವ ಬದಲು ಬಾಂಡ್, ಅಂದರೆ ಮುಂದೆ ಬಡ್ಡಿ ಸಮೇತ ತೀರಿಸುವ ಸಾಲಪತ್ರ, ಕೊಟ್ಟಿತು. ಹಣ ಕೈಬಿಟ್ಟು ಹೋಗದ ಕಾರಣ ಆ ಮೊತ್ತ ಆ ವರ್ಷಗಳ ಬಜೆಟ್ ಕೊರತೆಯಲ್ಲಿ ಕಾಣಲೇ ಇಲ್ಲ. ಬಂಕಿನಲ್ಲಿ ನಿಂತವರಿಗೆ ಪೆಟ್ರೋಲ್ ಅಗ್ಗ ಅನ್ನಿಸಿತು, ಅಲ್ವಾ?

2014ರಲ್ಲಿ ಬಾಕಿ ಇದ್ದದ್ದು ಸುಮಾರು 1.34 ಲಕ್ಷ ಕೋಟಿ ರೂಪಾಯಿ. ಅದಕ್ಕೆ ವರ್ಷಕ್ಕೆ ಸುಮಾರು 10,000 ಕೋಟಿ ಬಡ್ಡಿ. ಅಸಲಿನ ದೊಡ್ಡ ಪಾಲಿನ ಗಡುವು ಬಂದದ್ದು 2021ರ ನಂತರ. 2006ರಲ್ಲಿ ಸ್ಕೂಟರ್‌ಗೆ ಪೆಟ್ರೋಲ್ ಹಾಕಿಸಿದವರ ಬಿಲ್ಲನ್ನು, ಆಗ ಶಾಲೆಗೆ ಹೋಗುತ್ತಿದ್ದ ಮಕ್ಕಳು ದುಡಿಯಲು ಶುರು ಮಾಡಿದ ಮೇಲೆ ಕಟ್ಟಬೇಕಾಯಿತು. ಒಂದು ಎಚ್ಚರಿಕೆ: ನಂತರದ ಪೆಟ್ರೋಲ್ ತೆರಿಗೆಗೆಲ್ಲ ಈ ಬಾಂಡ್‌ಗಳೇ ಕಾರಣ ಎಂದು ಮಾತ್ರ ಬರೆಯಬೇಡಿ. 2020-21ರಲ್ಲಿ ಕೇಂದ್ರದ ಇಂಧನ ಅಬಕಾರಿ ಸುಂಕ 3 ಲಕ್ಷ ಕೋಟಿ ದಾಟಿತ್ತು. ಬಾಂಡ್‌ಗಳ ಬಡ್ಡಿ ಅದರಲ್ಲಿ ಸಣ್ಣ ಪಾಲು.

ನಿಮ್ಮ ವಾದದಲ್ಲಿ ಉಳಿಸಬೇಕಾದ ಒಂದು ಅಂಶವೂ ಇದೆ. ದೇಶದ ಆದಾಯ ಬಡ್ಡಿ ದರಕ್ಕಿಂತ ವೇಗವಾಗಿ ಬೆಳೆದರೆ ಆದಾಯಕ್ಕೆ ಹೋಲಿಸಿದಾಗ ಹಳೆ ಸಾಲ ಹಗುರಾಗುತ್ತದೆ. ಸಾಲದಿಂದ ರೈಲು ಮಾರ್ಗ ಹಾಕಿದರೆ ಆ ಬೆಳವಣಿಗೆಗೆ ದಾರಿಯಾಗಬಹುದು. ಅಗ್ಗದ ಪೆಟ್ರೋಲ್ ಸುಟ್ಟು ಮುಗಿಯುತ್ತದೆ. ಆದರೆ ಬೆಳವಣಿಗೆ ಕುಗ್ಗಿದ ವರ್ಷ ಬಡ್ಡಿ ಕುಗ್ಗುವುದಿಲ್ಲ. ಆಗ ತೆರಿಗೆ ಏರಿಸಬೇಕು, ಖರ್ಚು ಕಡಿಯಬೇಕು, ಇಲ್ಲವೇ ಹಣದುಬ್ಬರಕ್ಕೆ ಬಿಡಬೇಕು. ಹಣದುಬ್ಬರವೂ ಜನರ ಜೇಬಿನಿಂದಲೇ ಹೋಗುವಂಥದ್ದು. 2024-25ರ ಕೇಂದ್ರ ಬಜೆಟ್‌ನ ಲೆಕ್ಕದಲ್ಲಿ, ರಾಜ್ಯಗಳಿಗೆ ಕೊಡುವ ತೆರಿಗೆ ಪಾಲೂ ಸೇರಿದ ಪ್ರತಿ ರೂಪಾಯಿಯಲ್ಲಿ 19 ಪೈಸೆ ಬಡ್ಡಿಗೇ ಮೀಸಲಾಗಿತ್ತು.

ಮೊದಲ ಎರಡು ಪುಟ ತೆಗೆದುಬಿಡಿ. ತೈಲ ಬಾಂಡ್‌ನಿಂದ ಶುರು ಮಾಡಿ, ಯಾವ ವರ್ಷ ಯಾರು ಲಾಭ ಪಡೆದರು, ಯಾವ ವರ್ಷ ಯಾರು ಕಟ್ಟಿದರು ಎಂದು ಬಿಡಿಸಿ ಬರೆದು ಕಳಿಸಿ. ಮತ್ತೆ ಓದುತ್ತೇನೆ.