ಮುಖ್ಯ ಭಾಷಣಕಾರರನ್ನು ಎರಡೇ ನಿಮಿಷದಲ್ಲಿ ಪರಿಚಯಿಸುವುದು ಹೇಗೆ?

"ನಮ್ಮ ಸಂಘದ ಕಾರ್ಯಕ್ರಮದಲ್ಲಿ ಮುಖ್ಯ ಭಾಷಣಕಾರರನ್ನು ಪರಿಚಯಿಸುವ ಕೆಲಸ ನನಗೆ ಬಂದಿದೆ. ಎರಡು ನಿಮಿಷದೊಳಗೆ ಮುಗಿಸಬೇಕಂತೆ. ಅವರ ಬಯೋಡೇಟಾನೇ ಮೂರು ಪುಟ ಇದೆ. ಅದನ್ನು ಹೇಗೆ ಚಿಕ್ಕದು ಮಾಡಿದರೆ ಜನಕ್ಕೆ ಭಾಷಣ ಕೇಳುವ ಕುತೂಹಲ ಬರುತ್ತದೆ?"

ಆ ಮೂರು ಪುಟವನ್ನು ಚಿಕ್ಕದು ಮಾಡಲೇಬೇಡಿ, ಪಕ್ಕಕ್ಕಿಡಿ. ಯಾಕೆ ಅಂತ ಹೇಳಬೇಕಾದರೆ ಗೋಣಿಕೊಪ್ಪದಲ್ಲಿ ನಾನು ಮಾಡಿಕೊಂಡ ಎಡವಟ್ಟನ್ನು ಹೇಳಬೇಕು.

ಆರು ವರ್ಷದ ಹಿಂದಿನ ಮಾತು. ಮಾರ್ಚ್ ತಿಂಗಳು. ಹಿಂದಿನ ದಿನವಷ್ಟೇ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಿತ್ತು, ಹಾಗಾಗಿ ಬೆಳೆಗಾರರೆಲ್ಲ ಖುಷಿಯಲ್ಲಿದ್ದರು. ಹಾಲ್ ತುಂಬಿತ್ತು. ಭಾಷಣ ಅರೇಬಿಕಾ ಕಾಫಿ ಗಿಡಕ್ಕೆ ಬರುವ ಬಿಳಿ ಕಾಂಡಕೊರಕ ಹುಳದ ಮೇಲೆ. ನಮ್ಮ ಬಾಯಲ್ಲಿ ಅದು ಬರೀ 'ಬೋರರ್'. ಮಾತಾಡಲು ಬಂದವರು ನಿವೃತ್ತ ಕೀಟ ವಿಜ್ಞಾನಿ. ಪರಿಚಯ ಮಾಡಿಕೊಡುವುದು ನನ್ನ ಪಾಲಿಗೆ ಬಂತು.

ನಾನು ಸೋಮಾರಿ ಅಲ್ಲ ನೋಡಿ, ಅದೇ ಸಮಸ್ಯೆ ಆಗಿದ್ದು. ಎರಡು ದಿನ ಮೊದಲೇ ಅವರಿಗೆ ಫೋನ್ ಮಾಡಿ "ಸಾರ್, ಏನು ಮಾತಾಡ್ತೀರಿ?" ಅಂತ ಕೇಳಿದೆ. ಅವರು ಖುಷಿಯಿಂದ ಎಲ್ಲ ಬಿಡಿಸಿ ಹೇಳಿದರು. ಕಾಂಡದ ಮೇಲೆ ನಮಗೆ ಕಾಣುವ ದುಂಡು ತೂತು ಹುಳ ಒಳಗೆ ಹೋದ ದಾರಿಯಲ್ಲ. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಚಿಕ್ಕದಿದ್ದಾಗಲೇ ಒಳಗೆ ಸೇರಿ ತಿಂಗಳುಗಟ್ಟಲೆ ಕಾಂಡ ಕೊರೆಯುತ್ತದೆ. ಕೊನೆಗೆ ದುಂಬಿಯಾಗಿ ಹೊರಗೆ ಬರುವಾಗ ಮಾಡುವುದು ಆ ತೂತು. ಅಂದರೆ ನಾವು ತೂತು ಕಂಡು ಗಾಬರಿಯಾಗುವ ಹೊತ್ತಿಗೆ ಆ ದುಂಬಿ ಹಾರಿ ಹೋಗಿರುತ್ತದೆ. ಹುಡುಕಬೇಕಾದದ್ದು ಏಪ್ರಿಲ್-ಮೇನಲ್ಲಿ ದುಂಬಿ ಹಾರುವುದಕ್ಕೆ ಮೊದಲು. ನೋಡಬೇಕಾದದ್ದು ತೂತನ್ನಲ್ಲ, ತೊಗಟೆ ಮೇಲೆ ಏಣಿನ ಹಾಗೆ ಉಬ್ಬಿದ ಗೆರೆಯನ್ನು.

ಕೇಳಿ ನನಗೇ ರೋಮಾಂಚನ. ಮೂವತ್ತು ವರ್ಷ ತೋಟ ಮಾಡಿದವನಿಗೆ ಇದು ಗೊತ್ತಿರಲಿಲ್ಲ. ಸರಿ, ವೇದಿಕೆ ಮೇಲೆ ನಿಂತು ಅವರ ಡಿಗ್ರಿ, ಹುದ್ದೆ ಎಲ್ಲ ಒಂದೇ ಉಸಿರಿಗೆ ಓದಿದೆ. ಕೊನೆಯಲ್ಲಿ ಸ್ವಲ್ಪ ಉಪ್ಪು-ಖಾರ ಇರಲಿ ಅಂತ, "ಆ ತೂತು ಹುಳ ಒಳಗೆ ಹೋದದ್ದಲ್ಲ, ಹೊರಗೆ ಬಂದದ್ದು ಅಂತ ಇವತ್ತು ಇವರು ತೋರಿಸಿಕೊಡಲಿದ್ದಾರೆ" ಅಂದೆ. ಸಭೆಯಲ್ಲಿ ನಾಲ್ಕೈದು ಜನ "ಓಹೋ" ಅಂದರು. ನಾನು ಉಬ್ಬಿ ಹೋದೆ. ಪೂರ್ತಿ ಒಂದೂ ಮುಕ್ಕಾಲು ನಿಮಿಷ. ಸಮಯದ ಲೆಕ್ಕದಲ್ಲಿ ನೂರಕ್ಕೆ ನೂರು.

ಅವರು ಬಂದು ಗೋಣಿಚೀಲದಿಂದ ಒಂದು ಕಾಂಡ ತೆಗೆದರು. ಮೊದಲ ಸಾಲಿಗೆ ಕೊಟ್ಟು, "ಹೇಳಿ ನೋಡೋಣ, ಇದು ಹುಳ ಒಳಗೆ ಹೋದ ತೂತಾ, ಹೊರಗೆ ಬಂದದ್ದಾ?" ಅಂದರು. ಮುಂದೆ ಕೂತಿದ್ದ ಹಿರಿಯರೊಬ್ಬರು ಕಾಂಡದ ಕಡೆ ನೋಡಲೂ ಇಲ್ಲ. "ಹೊರಗೆ ಬಂದದ್ದು. ಈಗ ತಾನೇ ಹೇಳಿದ್ರಲ್ಲ!" ಅಂದರು. ಎಲ್ಲರೂ ನಕ್ಕರು. ಭಾಷಣಕಾರರೂ ನಕ್ಕರು, ಪಾಪ.

ಅವರು ಅಂದುಕೊಂಡಿದ್ದದ್ದು ಬೇರೆ. ಅರ್ಧ ಹಾಲ್ ಒಂದು ಹೇಳಬೇಕು, ಇನ್ನರ್ಧ ಇನ್ನೊಂದು ಹೇಳಬೇಕು, ಜಗಳ ಹತ್ತಬೇಕು. ಆಮೇಲೆ ಕತ್ತಿಯಿಂದ ಕಾಂಡ ಸೀಳಿ ಒಳಗಿನ ಸುರಂಗ ತೋರಿಸಬೇಕು. ಸೀಳಿದರು ನಿಜ. ಆದರೆ ಆ ಕಾಂಡ ಎರಡು ಸಾಲು ದಾಟಿ ಒಂದು ಖಾಲಿ ಕುರ್ಚಿ ಮೇಲೆ ನಿಂತಿತು. ಮುಂದಕ್ಕೆ ದಾಟಿಸಲು ಯಾರಿಗೂ ಆತುರವಿರಲಿಲ್ಲ. ಆ "ಓಹೋ" ಅವರದ್ದು. ನಾನು ಅದನ್ನು ಕದ್ದಿದ್ದೆ.

ಉದ್ದದ ಬಯೋಡೇಟಾ ಓದುವುದು ಸಣ್ಣ ತಪ್ಪು. ಜನ ಆಕಳಿಸುತ್ತಾರೆ, ಭಾಷಣ ಶುರುವಾದರೆ ಎದ್ದು ಕೂರುತ್ತಾರೆ. ಉತ್ತರವನ್ನು ಮೊದಲೇ ಹೇಳಿಬಿಟ್ಟರೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಚೆನ್ನಾಗಿ ತಯಾರಿ ಮಾಡಿಕೊಂಡವರೇ ಈ ತಪ್ಪು ಜಾಸ್ತಿ ಮಾಡುವುದು. ತಿಳಿದದ್ದನ್ನು ಹೇಳದೆ ಇರಲು ನಾಲಿಗೆ ಕೇಳುವುದಿಲ್ಲ, ಅಲ್ವಾ?

ಹಾಗಾಗಿ ಈಗ ಭಾಷಣಕಾರರಿಗೆ ಫೋನ್ ಮಾಡಿದರೆ ಎರಡೇ ಪ್ರಶ್ನೆ ಕೇಳುತ್ತೇನೆ. ನೀವು ಏನು ಹೇಳಿ ಶುರು ಮಾಡುತ್ತೀರಿ? ನಾನು ಯಾವುದನ್ನು ಹೇಳಬಾರದು? ಎರಡನೆಯದಕ್ಕೆ ಬರುವ ಉತ್ತರವನ್ನು ಚೀಟಿಯ ತಲೆಯಲ್ಲೇ ಬರೆದು ಅದರ ಸುತ್ತ ಗೆರೆ ಎಳೆಯುತ್ತೇನೆ.

ಅವತ್ತು ನಾನು ಹೇಳಬೇಕಾಗಿದ್ದದ್ದು ಇಷ್ಟೇ:

"ಬೋರರ್ ತೂತು ಕಂಡ ದಿನವೇ ಗಿಡ ಕಿತ್ತು ಸುಡುವವರು ನಮ್ಮಲ್ಲಿ ಎಷ್ಟೋ ಜನ ಇದ್ದೇವೆ. ಒಂದು ದಿನವೂ ತಡ ಮಾಡುವುದಿಲ್ಲ. ಆದರೂ ಮುಂದಿನ ವರ್ಷ ಪಕ್ಕದ ಗಿಡದಲ್ಲಿ ಮತ್ತೆ ತೂತು. ನಾವು ತಪ್ಪುತ್ತಿರುವುದು ಎಲ್ಲಿ? ಇವತ್ತು ಮಾತಾಡುವವರು ಒಂದು ಗೋಣಿಚೀಲ ತಂದಿದ್ದಾರೆ. ಅದನ್ನು ಅವರೇ ಬಿಚ್ಚಲಿ. ಅರೇಬಿಕಾ ಕಾಂಡ ಸೀಳಿ ಒಳಗೆ ಏನಾಗುತ್ತಿದೆ ಅಂತ ನೋಡುವುದೇ ಇಷ್ಟು ವರ್ಷ ಇವರ ಕೆಲಸವಾಗಿತ್ತು. ಬನ್ನಿ ಸಾರ್." ಆಮೇಲೆ ಹೆಸರು.

ಫೋನಿನಲ್ಲಿ ಸಮಯ ಹಿಡಿದು ನಿಧಾನವಾಗಿ ಓದಿ ನೋಡಿ. ಒಂದು ನಿಮಿಷವೂ ಆಗುವುದಿಲ್ಲ. ನಿಮ್ಮ ಎರಡು ನಿಮಿಷ ಕಡಿಮೆಯಲ್ಲ, ಜಾಸ್ತಿಯೇ ಆಯಿತು. ಕೇಳುವವರ ತೋಟದ ಕಷ್ಟದಿಂದ ಶುರು, ಅದು ಯಾಕೆ ಬಗೆಹರಿಯುತ್ತಿಲ್ಲ ಅನ್ನುವ ಪ್ರಶ್ನೆ, ಇದಕ್ಕೆ ಇವರೇ ಯಾಕೆ ಅನ್ನುವುದಕ್ಕೆ ಒಂದೇ ಸಾಲು. ಮೂರು ಪುಟದಿಂದ ನಿಮಗೆ ಬೇಕಾಗಿರುವುದು ಆ ಒಂದು ಸಾಲು ಮಾತ್ರ. ಅವರಿಗೆ ಬಂದ ಪ್ರಶಸ್ತಿಗೂ ಇವತ್ತಿನ ವಿಷಯಕ್ಕೂ ಸಂಬಂಧವಿಲ್ಲದಿದ್ದರೆ ಪ್ರಶಸ್ತಿ ಆಮಂತ್ರಣ ಪತ್ರಿಕೆಯಲ್ಲೇ ಇರಲಿ. "ಇವರಿಗೆ ಪರಿಚಯದ ಅಗತ್ಯವೇ ಇಲ್ಲ" ಅಂತ ಹೇಳಿ ಹತ್ತು ನಿಮಿಷ ಪರಿಚಯ ಮಾಡುವವರ ಬಗ್ಗೆ ನಾನೇನೂ ಹೇಳುವುದಿಲ್ಲ.

ಹೆಸರು ಕೊನೆಗೆ ಅಂದೆನಲ್ಲ, ನಮ್ಮ ಕೊಡಗಿನಲ್ಲಿ ಅದಕ್ಕೆ ಇನ್ನೊಂದು ಕಾರಣ ಇದೆ. ಕೊಡವರಾಗಿದ್ದರೆ ಮನೆತನದ ಹೆಸರೇ ಮೊದಲು ಬರುತ್ತದೆ. ಅದು ಕಿವಿಗೆ ಬಿದ್ದ ತಕ್ಷಣ ಸಭೆಯಲ್ಲಿ ಅರ್ಧ ಜನ ಯಾವ ಒಕ್ಕ, ಯಾವ ಊರು, ನಮಗೇನಾಗಬೇಕು ಅಂತ ಲೆಕ್ಕ ಹಾಕಲು ಶುರು ಮಾಡುತ್ತಾರೆ. ಬ್ಯಾನರ್‌ನಲ್ಲಿ ಹೆಸರು ಇದೆ, ನಿಜ. ಆದರೂ ಬಾಯಲ್ಲಿ ಹೇಳಿದಾಗಲೇ ಪಿಸುಪಿಸು ಜೋರಾಗುವುದು. ಆ ಪಿಸುಪಿಸು ಚಪ್ಪಾಳೆಯಲ್ಲಿ ಮುಳುಗಿ ಹೋಗಲಿ. ಮನೆತನದ ಹೆಸರನ್ನು ಅವರ ಬಾಯಿಂದಲೇ ಒಮ್ಮೆ ಕೇಳಿಸಿಕೊಂಡು ಬನ್ನಿ. ಅದನ್ನು ತಪ್ಪಾಗಿ ಹೇಳಿದರೆ ಕಾಫಿ ವಿರಾಮದವರೆಗೂ ಜನ ನಿಮ್ಮನ್ನೇ ತಿದ್ದುತ್ತಿರುತ್ತಾರೆ.

ಹೋದ ವರ್ಷ ವಿರಾಜಪೇಟೆಯಲ್ಲಿ ಇನ್ನೊಬ್ಬರನ್ನು ಪರಿಚಯಿಸಿದೆ, ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಮಾತಾಡುವವರು. ಏನು ಹೇಳಬಾರದು ಅಂತ ಕೇಳಿದ್ದಕ್ಕೆ, "ಜೇಬಲ್ಲಿ ಒಂದು ಬೇರು ಇಟ್ಕೊಂಡು ಬರ್ತೀನಿ, ಅದರ ಸುದ್ದಿ ಎತ್ತಬೇಡಿ" ಅಂದರು. ಎತ್ತಲಿಲ್ಲ. ಅವರು ಜೇಬಿಗೆ ಕೈ ಹಾಕಿದಾಗ ಹಿಂದಿನ ಸಾಲಿನವರು ಕಾಣಲೆಂದು ಎದ್ದು ನಿಂತರು.