ಸಿಕಲ್ ಸೆಲ್: ಬೇಸ್ ಎಡಿಟಿಂಗ್ ಸಾಕಾ, ಪ್ರೈಮ್ ಬೇಕಾ?

"ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಯಲ್ಲಿ ಕೆಟ್ಟಿರೋದು ಡಿಎನ್‌ಎಯ ಒಂದೇ ಅಕ್ಷರ. ಒಂದೊಂದೇ ಅಕ್ಷರ ಬದಲಿಸುವ ಬೇಸ್ ಎಡಿಟಿಂಗ್‌ನಿಂದ ಅದನ್ನೇ ಯಾಕೆ ಸರಿ ಮಾಡಲ್ಲ? ಇದಕ್ಕಿರುವ ಜೀನ್ ತಿದ್ದುವ ಚಿಕಿತ್ಸೆ ಕ್ಯಾಸ್ಗೆವಿ ಬೇರೆ ಕಡೆ ಯಾಕೆ ಕತ್ತರಿಸುತ್ತೆ?"

ತೊಡಕಿರುವುದು ಯಾವ ಅಕ್ಷರ ಯಾವುದಾಗಿದೆ ಅನ್ನೋದರಲ್ಲಿ. ಹಿಮೋಗ್ಲೋಬಿನ್ ಜೀನಿನಲ್ಲಿ ಜಿಎಜಿ ಇರಬೇಕಾದ ಕಡೆ ಜಿಟಿಜಿ ಆಗಿದೆ. ಸರಿಪಡಿಸಲು ಟಿಯನ್ನು ಎ ಮಾಡಬೇಕು. ಸಾಮಾನ್ಯವಾಗಿ ಬಳಸುವ ಬೇಸ್ ಎಡಿಟರ್‌ಗಳಲ್ಲಿ ಒಂದು ಸಿಯನ್ನು ಟಿ ಮಾಡುತ್ತದೆ, ಇನ್ನೊಂದು ಎಯನ್ನು ಜಿ ಮಾಡುತ್ತದೆ. ಡಿಎನ್‌ಎಯ ಎದುರು ಎಳೆಯಲ್ಲಿ ಮಾಡಿದರೆ ಜಿ ಎ ಆಗುತ್ತದೆ, ಟಿ ಸಿ ಆಗುತ್ತದೆ. ಟಿಯಿಂದ ಎ ಮಾತ್ರ ಇವುಗಳ ಕೈಯಲ್ಲಿ ಆಗಲ್ಲ.

ಆದರೆ ಒಂದು ಜಾಣ ಅಡ್ಡದಾರಿ ಇದೆ. ಟಿಯನ್ನು ಸಿ ಮಾಡಿದರೆ ಜಿಸಿಜಿ ಬರುತ್ತದೆ, ಪ್ರೋಟೀನಿನಲ್ಲಿ ವ್ಯಾಲಿನ್ ಅನ್ನೋ ಅಮೈನೋ ಆಮ್ಲದ ಜಾಗಕ್ಕೆ ಅಲನಿನ್. ಇದು ಹಿಮೋಗ್ಲೋಬಿನ್‌ನ ಮಕಾಸರ್ ರೂಪ. ಕೆಲವರಲ್ಲಿ ಹುಟ್ಟಿನಿಂದಲೇ ಇರುತ್ತದೆ, ರಕ್ತಕಣ ಕುಡುಗೋಲಿನಂತೆ ಬಾಗುವುದಿಲ್ಲ. ಇಲಿಗಳಲ್ಲಿ ಇದು ಕೆಲಸ ಮಾಡಿದೆ. ಅಕ್ಕಪಕ್ಕದಲ್ಲಿ ಅದೇ ಅಕ್ಷರ ಇದ್ದರೆ ಅದೂ ಬದಲಾಗಬಹುದು, ಹಾಗಾಗಿ ಆ ಜಾಗವನ್ನು ಸೀಕ್ವೆನ್ಸ್ ಮಾಡಿ ನೋಡಲೇಬೇಕು.

ಮೂಲ ಅಕ್ಷರವೇ ಬೇಕೆಂದರೆ ಪ್ರೈಮ್ ಎಡಿಟಿಂಗ್. ಒಂದೇ ಎಳೆಯನ್ನು ಸೀಳಿ, ಗೈಡ್ ಆರ್‌ಎನ್‌ಎಯಲ್ಲೇ ಬರೆದಿರುವ ಹೊಸ ಪಾಠವನ್ನು ನಕಲು ಮಾಡುತ್ತದೆ. ಯಾವ ಅಕ್ಷರವನ್ನಾದರೂ ಬದಲಿಸಬಹುದು. ಟೇ-ಸ್ಯಾಕ್ಸ್ ಕಾಯಿಲೆಯಲ್ಲಿ ಜಾಸ್ತಿ ಸೇರಿರುವ 4 ಅಕ್ಷರಗಳಂಥದ್ದನ್ನೂ ತೆಗೆಯಬಹುದು. ಆದರೆ ಈ ಎಡಿಟರ್‌ನ ಗಾತ್ರ ದೊಡ್ಡದು, ಕೋಶದೊಳಗೆ ಕಳಿಸುವುದೇ ಕಷ್ಟ.

ಕ್ಯಾಸ್ಗೆವಿ ಎರಡೂ ಎಳೆ ಕತ್ತರಿಸುತ್ತದೆ. ಕೋಶ ಅವಸರದಲ್ಲಿ ಹೊಲಿಯುವಾಗ ಅಕ್ಷರಗಳು ಹೋಗುತ್ತವೆ, ಸೇರುತ್ತವೆ. ತಿದ್ದುವುದಕ್ಕಿಂತ ಕೆಡಿಸಲು ಇದು ಒಳ್ಳೆಯದು, ಅಲ್ವಾ? ಅದಕ್ಕೇ ಭ್ರೂಣದ ಹಿಮೋಗ್ಲೋಬಿನ್ ಅನ್ನು ತಡೆಯುವ ಬಿಸಿಎಲ್11ಎ ಜೀನಿನ ಸ್ವಿಚ್ಚನ್ನು ಕೆಡಿಸಿ, ಆ ಹಿಮೋಗ್ಲೋಬಿನ್ ಮತ್ತೆ ಬರುವಂತೆ ಮಾಡುತ್ತಾರೆ. ಸಿಕಲ್ ಅಕ್ಷರ ಹಾಗೇ ಉಳಿಯುತ್ತದೆ.