ಐಸ್ ಸಿಗದ ದಿನ ಬಂಗುಡೆ ಉಳಿಸುವುದು ಹೇಗೆ: ಮಂಜೇಶ್ವರದಿಂದ ಉತ್ತರ

ನಮ್ಮಲ್ಲಿ ಒಣಮೀನು ಮಾಡುವುದು ಮಳೆಗಾಲಕ್ಕೆಂದು. ತಲಪಾಡಿಯ ಆಚೆ ಕರ್ನಾಟಕದಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ 61 ದಿನ ನಿಷೇಧ, ಈಚೆ ಕೇರಳದಲ್ಲಿ ಟ್ರಾಲ್ ಬೋಟುಗಳಿಗೆ 52 ದಿನ. ಹಾಗಾಗಿ ಒಣಗಿಸುವ ಕೆಲಸವೆಲ್ಲ ಮೇ ತಿಂಗಳೊಳಗೆ ಮುಗಿಯಬೇಕು.

ಐಸ್ ಇಲ್ಲದಿದ್ದರೆ ಮೊದಲು ನೆರಳು. ಮೀನನ್ನು ರಾಶಿ ಹಾಕದೆ ತೆಳ್ಳಗೆ ಹರಡಿ, ಮೇಲೆ ಒದ್ದೆ ಗೋಣಿ ಹೊದಿಸಿ, ಒಣಗಿದ ಹಾಗೆಲ್ಲ ನೀರು ಚಿಮುಕಿಸುತ್ತಿರಬೇಕು. ಇದರಿಂದ ಸಿಗುವುದು ಕೆಲವೇ ಗಂಟೆ. ಅಷ್ಟರಲ್ಲಿ ಉಪ್ಪು ಬೀಳಬೇಕು. ಬಂಗುಡೆ ಬಿಸಿಲಲ್ಲಿ ಕೂತರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹೆಚ್ಚುತ್ತದೆ. ಆಮೇಲೆ ಎಷ್ಟು ಉಪ್ಪು ಹಾಕಿದರೂ, ಹುರಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಬಾಯಿ ಚುರುಗುಟ್ಟಿ, ಮುಖ ಕೆಂಪಾಗಿ, ಮೈಯೆಲ್ಲ ತುರಿಸುತ್ತದೆ. ಹಳಸಿದ ಮೀನಿಗೆ ಉಪ್ಪು ಹಾಕುವುದು ದೊಡ್ಡ ತಪ್ಪು ಎನ್ನುವುದು ಇದಕ್ಕೇ.

ಹತ್ತು ಕಿಲೋ ಬಂಗುಡೆ ಇದೆ ಎಂದಿಟ್ಟುಕೊಳ್ಳಿ. ಬೆನ್ನಿನ ಕಡೆಯಿಂದ ಸೀಳಿ, ಪುಸ್ತಕದ ಹಾಗೆ ಬಿಡಿಸಿ, ಕರುಳು, ಕಿವಿರು ತೆಗೆದು, ಬೆನ್ನೆಲುಬಿನ ಪಕ್ಕದ ರಕ್ತವನ್ನು ಉಜ್ಜಿ ತೊಳೆಯಿರಿ. ಎರಡೂವರೆಯಿಂದ ಮೂರು ಕಿಲೋ ಹರಳುಪ್ಪು ಬೇಕು. ಪುಡಿ ಉಪ್ಪು ಬೇಡ. ಅದು ಮೇಲ್ಮೈಯನ್ನು ಬೇಗನೆ ಗಟ್ಟಿ ಮಾಡಿಬಿಡುತ್ತದೆ, ಒಳಗೆ ಉಪ್ಪು ಇಳಿಯುವುದಿಲ್ಲ. ಭರಣಿಯ ತಳಕ್ಕೆ ಒಂದು ಪದರ ಉಪ್ಪು, ಅದರ ಮೇಲೆ ಚರ್ಮ ಕೆಳಗಾಗಿ ಮೀನು, ಮತ್ತೆ ಉಪ್ಪು, ಹೀಗೆ ತುಂಬಿ ಹಲಗೆಯಿಟ್ಟು ಕಲ್ಲು ಹೇರಿ. ಬೆಳಗಾಗುವಷ್ಟರಲ್ಲಿ ಮೀನೇ ನೀರು ಬಿಟ್ಟಿರುತ್ತದೆ. ಆ ಉಪ್ಪುನೀರಿನಲ್ಲಿ ಎಲ್ಲ ಮೀನೂ ಮುಳುಗಿರಬೇಕು. ಮೇಲೆ ಉಳಿದ ತುಂಡಿನಿಂದಲೇ ಕೊಳೆಯಲು ಶುರು. ಬಿಸಿಲಿಲ್ಲದ ದಿನ ಅವಸರ ಬೇಡ, ಉಪ್ಪುನೀರಲ್ಲೇ ಇನ್ನೂ ಒಂದೆರಡು ದಿನ ಇರಲಿ.

ಎರಡು ದಿನ ಕಳೆದ ಮೇಲೆ ಅದೇ ಉಪ್ಪುನೀರಲ್ಲಿ ಅಲುಗಿಸಿ ಅಂಟಿದ ಹರಳು ಬಿಡಿಸಿ, ನೀರು ಸೋರಲು ಬಿಡಿ. ಮರಳ ಮೇಲೆ ಒಣಗಿಸಬಾರದು. ಮಾಂಸಕ್ಕೆ ಹೊಕ್ಕ ಮರಳು ತೊಳೆದರೂ ಹೋಗದು. ಸೊಂಟದೆತ್ತರಕ್ಕೆ ಕಟ್ಟಿದ ಬಲೆಯ ಮೇಲೆ ಹರಡಿದರೆ ಗಾಳಿ ಕೆಳಗಿನಿಂದಲೂ ಆಡುತ್ತದೆ. ಮೊದಲ ದಿನದ ಉರಿಬಿಸಿಲು ಒಳ್ಳೆಯದಲ್ಲ, ಹೊರಗೆ ಸಿಪ್ಪೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಮಧ್ಯಾಹ್ನ ಓಲೆಯ ನೆರಳು ಕೊಡಿ. ಸಂಜೆ ಮೀನನ್ನು ಒಟ್ಟಿ, ಮುಚ್ಚಿ, ಭಾರ ಇಡಿ. ರಾತ್ರಿಯಲ್ಲಿ ಒಳಗಿನ ತೇವ ಹೊರಗೆ ಬರುತ್ತದೆ, ಮರುದಿನದ ಬಿಸಿಲಿಗೆ ಆರುತ್ತದೆ. ಮೂರು ದಿನ ಬೇಕು, ಮೋಡವಿದ್ದರೆ ಇನ್ನೂ ಹೆಚ್ಚು.

ಬೆನ್ನಿನ ದಪ್ಪ ಭಾಗವನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಗುಳಿ ಬಿದ್ದರೆ ಇನ್ನೊಂದು ಬಿಸಿಲು ಬೇಕು. ಇಟ್ಟ ಮೀನಿನ ಮೇಲೆ ಗುಲಾಬಿ ಬಣ್ಣದ ಲೋಳೆ ಕಂಡರೆ ಅದು ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿ, ಬರುವುದೂ ಕಡಲುಪ್ಪಿನಿಂದಲೇ. ಆ ಮೀನನ್ನು ಎಸೆಯಿರಿ, ಭರಣಿಯನ್ನು ಕುದಿನೀರಲ್ಲಿ ತೊಳೆಯಿರಿ. ಬೂತಾಯಿಗೆ ಇದೇ ಕ್ರಮ ಹಿಡಿದರೂ ಅಷ್ಟು ದಿನ ಇಡಬೇಡಿ. ಅದರ ಎಣ್ಣೆ ಗಾಳಿಗೆ ಹಳದಿಯಾಗಿ ಕಮಟು ಹಿಡಿಯುತ್ತದೆ, ಅದನ್ನು ಉಪ್ಪು ತಡೆಯುವುದಿಲ್ಲ.